ತಂಗಿಯ ಲಗ್ನದ ರಜೆಗೆ ಮೂರು ಅರ್ಜಿ

ಮೊದಲನೇ ಅರ್ಜಿ ವಾಪಸ್ಸು ಬಂದದ್ದಕ್ಕೆ ಬೇರೆ ಯಾರನ್ನೂ ಬೈಯುವಂತಿರಲಿಲ್ಲ. ಹೈದರಾಬಾದಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ಯಾರ ದನಿಯನ್ನಾದರೂ ಎತ್ತಿಕೊಂಡು ನಕಲು ಮಾಡುವ ಚಟ ಆಗಲೇ ಅಂಟಿತ್ತು. ತಂಗಿಯ ಲಗ್ನಕ್ಕೆ ರಜೆ ಕೇಳಬೇಕಾಗಿ ಬಂದಾಗ ಕಚೇರಿಯ ಹಳೆ ಗುಮಾಸ್ತನನ್ನು ಮೈಮೇಲೆ ಬರಿಸಿಕೊಂಡು, ಹುಜೂರ್, ಗರೀಬ್ ಪರವರ್ ಎಂದು ಉರ್ದುವಿನಲ್ಲಿ ಒಂದು ಪುಟ ಬಗ್ಗಿ ನಮಸ್ಕಾರ ಹೊಡೆದೆ. ಯಾವತ್ತು ಹೋಗುತ್ತೇನೆ, ಯಾವತ್ತು ಬರುತ್ತೇನೆ ಎಂಬುದನ್ನು ಬರೆಯಲು ಜಾಗವೇ ಉಳಿಯಲಿಲ್ಲ.

ನಮ್ಮ ಪ್ರೊಫೆಸರರು ಗಂಗಾವತಿ ಕಡೆಯವರು. ಪಾಠವೆಲ್ಲ ಉರ್ದುವಿನಲ್ಲಿ, ಬೈಗುಳ ಮಾತ್ರ ನಮ್ಮ ಕನ್ನಡದಲ್ಲಿ. ಕಾಗದವನ್ನು ಎರಡು ಬೆರಳಲ್ಲಿ ಹಿಡಿದು, "ಇದು ರಜಾ ಅರ್ಜಿನೋ, ಜಹಗೀರ ಬೇಡೋ ಅರ್ಜಿನೋ?" ಎಂದು ಕೇಳಿ ಹಿಂದಿರುಗಿಸಿದರು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರೊಫೆಸರರು ಶಿಫಾರಸು ಬರೆದರೆ ಮಾತ್ರ ಪ್ರಿನ್ಸಿಪಾಲರು ರಜೆ ಮಂಜೂರು ಮಾಡುತ್ತಿದ್ದರು. ಅದಕ್ಕೆ ಪ್ರೊಫೆಸರರು ಕೇಳಿದ್ದು ಇಷ್ಟೇ: ತಪ್ಪುವ ಪಾಠ ಯಾವುವು, ಒಪ್ಪಿಸಬೇಕಾದ ಪ್ರಬಂಧ ಯಾವುವು, ಅವುಗಳ ಗತಿ ಏನು.

ಊರಿನಿಂದ ತಂಗಿ ಬರೆಸಿದ ಕಾರ್ಡು ಜೇಬಿನಲ್ಲಿ ಚುಚ್ಚುತ್ತಿತ್ತು. ನಮ್ಮ ತಂದೆ ತೀರಿಕೊಂಡಿದ್ದರು, ಮನೆಗೆ ನಾನೊಬ್ಬನೇ ಗಂಡು. ಅಣ್ಣ ಬರದೇ ಹೋದರೆ ನಾನು ಗಂಡನ ಊರಿನ ಕುಷ್ಟಗಿ ಬಂಡಿ ಹತ್ತುವವಳಲ್ಲ ಎಂದು ಅವಳು ಹಟ ಹಿಡಿದಿದ್ದಳು. ನಮ್ಮೂರು ಯಲಬುರ್ಗಾದಲ್ಲಿ ಹಂದರ ಹಾಕುವ ಮಾತು ನಡೆದಿರುವಾಗ ನಾನಿಲ್ಲಿ ಒಂದು ಕಾಗದದ ಜತೆ ಕುಸ್ತಿ ಆಡುತ್ತಿದ್ದೆ.

ಎರಡನೇ ಅರ್ಜಿಯಲ್ಲಿ ನಮಸ್ಕಾರ ಒಂದೇ ಸಾಲು. ಉಳಿದದ್ದೆಲ್ಲ ಯೋಜನೆ. ಊರಿನ ಆಡಳಿತದ ಮೇಲಿನ ಪ್ರಬಂಧವನ್ನು ಹೋಗುವ ಮೊದಲೇ ಒಪ್ಪಿಸುತ್ತೇನೆ. ತುಂಗಭದ್ರೆಯ ಹಳೆ ಕಾಲುವೆಗಳ ಪ್ರಬಂಧವನ್ನು ಲಗ್ನದ ಮನೆಯಲ್ಲಿ ಮುಂಜಾನೆ ಕೂತು ಬರೆದು ಟಪಾಲಿಗೆ ಹಾಕುತ್ತೇನೆ. ತಪ್ಪಿದ ಪಾಠದ ಟಿಪ್ಪಣಿಯನ್ನು ಕೋಣೆಯ ಗೆಳೆಯನಿಂದ ನಕಲು ಮಾಡಿಕೊಳ್ಳುತ್ತೇನೆ. ಅಕ್ಷತೆ ಬಿದ್ದ ಮರುದಿನವೇ ಕೊಪ್ಪಳದಲ್ಲಿ ರೈಲು ಹತ್ತುತ್ತೇನೆ. ಇಂಥ ವಿದ್ಯಾರ್ಥಿ ನನ್ನ ಕೈಕೆಳಗಿದ್ದರೆ ನಾನೇ ಅವನಿಗೆ ಕೈಮುಗಿಯುತ್ತಿದ್ದೆ.

ಪ್ರೊಫೆಸರರು ಕೈಮುಗಿಯಲಿಲ್ಲ. ಲಗ್ನದ ಮನೆಯಲ್ಲಿ ಮುಂಜಾನೆ ಎಂಬುದು ಎಲ್ಲಿರುತ್ತದೆ ಎಂದು ವಿಚಾರಿಸಿದರು. ಬೀಗರ ಎತ್ತಿಗೆ ಮೇವು, ಮುನಿಸಿಕೊಂಡ ಸೋದರಮಾವನಿಗೆ ಸಮಾಧಾನ, ಬುಂದಿಯ ಕೊಪ್ಪರಿಗೆಗೆ ಕಾವಲು, ಇವೆಲ್ಲ ಹೆಣ್ಣಿನ ಅಣ್ಣನ ತಲೆಗೇ ಬರುತ್ತವಲ್ಲ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಅಕ್ಷತಿ ಬಿದ್ದ ಮರುದಿನ ನೀ ರೈಲು ಹತ್ತಿದರ, ತಂಗಿ ಜೋಡಿ ಗಂಡನ ಮನಿಗೆ ಯಾರು ಹೋಗತಾರ? ವಾಪಸ್ ಕರಕೊಂಡು ಬರಾವರು ಯಾರು, ನಾನಾ?"

ಹುಡುಗಿಯ ಬೆನ್ನಿಗೆ ಅಣ್ಣನೋ ತಮ್ಮನೋ ಹೋಗಿ, ಬೀಗರ ಮನೆಯಲ್ಲಿ ಉಂಡು, ಅವರು ಕಳಿಸುವ ತನಕ ಕಾದು ಅವಳನ್ನು ಕರೆದುಕೊಂಡು ಬರುವುದು ನಮ್ಮ ಕಡೆ ಎಳೆ ಕೂಸಿಗೂ ಗೊತ್ತು. ತಂಗಿ ಹಟ ಹಿಡಿದು ಬರೆಸಿದ್ದು ಆ ಬಂಡಿಯ ಮಾತನ್ನೇ. ಎಂ.ಎ. ಓದುವ ಮಹಾಶಯ ಮಾತ್ರ ಅಕ್ಷತೆಗೇ ಲಗ್ನ ಮುಗಿಸಿಬಿಟ್ಟಿದ್ದ.

ಸಿಟ್ಟಿನಿಂದ ಕೋಣೆಗೆ ಬಂದು ಪ್ರೊಫೆಸರರ ಕೆಮ್ಮು, ಕನ್ನಡಕ ಏರಿಸುವ ರೀತಿ ಎಲ್ಲವನ್ನೂ ಗೋಡೆಗೆ ಮಾಡಿ ತೋರಿಸಿದೆ. ಗೋಡೆ ನಗಲಿಲ್ಲ. ಮತ್ತೆ ಬರೆಯಲು ಕೂತೆ. ಕುಷ್ಟಗಿಗೆ ಹೋಗಿ ಬರುವುದನ್ನು ಸೇರಿಸಿದರೆ ರಜೆ ಬೆಳೆಯಿತು, ರಜೆ ಬೆಳೆದರೆ ಪಾಠ ಇನ್ನಷ್ಟು ತಪ್ಪಿದವು. ಲಗ್ನದ ಮನೆಯಲ್ಲಿ ಬರೆಯುವ ಸುಳ್ಳನ್ನು ಹೊಡೆದುಹಾಕಿದೆ. ಎರಡೂ ಪ್ರಬಂಧ ಹೊರಡುವ ಮೊದಲೇ ಎಂದು ಬರೆದು, ಅದನ್ನು ನಿಜ ಮಾಡಲು ಗ್ರಂಥಾಲಯದಲ್ಲಿ ಬೆನ್ನು ಮುರಿದುಕೊಂಡೆ. ತಪ್ಪಿದ ಪಾಠದ ಮೇಲೆ, ಬಂದ ಮೊದಲ ರವಿವಾರ ಅವರ ಮನೆಗೇ ಹೋಗಿ ಬಾಯಿಪರೀಕ್ಷೆ ಕೊಡುತ್ತೇನೆ ಎಂದೂ ಸೇರಿಸಿದೆ.

ಮೂರನೇ ಅರ್ಜಿಯನ್ನೂ ಎರಡು ಪ್ರಬಂಧಗಳನ್ನೂ ಮೇಜಿನ ಮೇಲಿಟ್ಟೆ. ಅವರು ಒಂದೊಂದೇ ಹಾಳೆ ತಿರುವಿದರು. ಕೊನೆಗೆ ನಾನು ಬರೆದಿದ್ದ ವಾಪಸ್ಸಾಗುವ ದಿನವನ್ನು ಹೊಡೆದು, ಅದಕ್ಕಿಂತ ತಡವಾದ ದಿನವೊಂದನ್ನು ತಾವೇ ಬರೆದು, ಕೆಳಗೆ ಪ್ರಿನ್ಸಿಪಾಲರಿಗೆ ಶಿಫಾರಸು ಗೀಚಿ ಸಹಿ ಹಾಕಿದರು. ರಜೆ ಸಿಕ್ಕಿತೆಂದು ಕುಣಿಯಬೇಕಾದವನು ನಾನು. ಆದರೆ ಮೂರು ಸಲ ಬರೆಸಿದ ಉರಿ ಇನ್ನೂ ಆರಿರಲಿಲ್ಲ.

"ಇಷ್ಟೆಲ್ಲಾ ಲೆಕ್ಕಾ ಹಾಕಿ ಬರದೀನ್ರಿ ಸರ. ಹೇಳಿದ ದಿನಕ್ಕ ಬರತೀನಿ ಅಂದ್ರ ನನ್ನ ನಂಬಂಗಿಲ್ಲೇನ್ರಿ?" ಎಂದೆ.

ಪ್ರೊಫೆಸರರು ಕಾಗದವನ್ನು ನನ್ನ ಕಡೆ ತಳ್ಳಿದರು.

"ನಿನ್ನ ನಂಬತೀನಿ ತಮ್ಮಾ. ನಿಮ್ಮ ಬೀಗರನ್ನ ನಂಬಂಗಿಲ್ಲ."