ದನಿ ಮಾಡಿ ಓದಿದ ಕೈಪಿಡಿ

ಹುಬ್ಬಳ್ಳಿಯ ‘ಊರದನಿ’ ಪತ್ರಿಕೆಯ ಕಚೇರಿಯಲ್ಲಿ ಆ ಶುಕ್ರವಾರ ಬೆಳಗ್ಗೆ ನೀಲಾಂಬಿಕಾ ಕಡಕೋಳ ಮೂರನೆಯ ಸಲ ಚಹಾ ಕುಡಿದರು. ಮೂರು ಸಲವೂ ಸಕ್ಕರೆ ಹಾಕಿಕೊಳ್ಳಲು ಮರೆತರು. ಹನ್ನೊಂದು ತಿಂಗಳು ಕೂತು ಬರೆದ ಎಪ್ಪತ್ತೆರಡು ಪುಟಗಳ ಭಾಷಾ ಕೈಪಿಡಿ ಅವರ ತೊಡೆಯ ಮೇಲಿತ್ತು. ಅದಕ್ಕೆ ಇವತ್ತು ಮೂವರ ಸಹಿ ಬೀಳಬೇಕು. ಬಿದ್ದರೆ ಅದು ಎಲ್ಲ ಆವೃತ್ತಿಗಳ ಮೇಜಿನ ಮೇಲೆ ಕೂರುತ್ತದೆ. ಬೀಳದಿದ್ದರೆ ಕಪಾಟಿಗೆ ಹೋಗುತ್ತದೆ. ಆ ಕಪಾಟಿನಲ್ಲಿ ಇದಕ್ಕಿಂತ ಹಿರಿಯ ಕೈಪಿಡಿಗಳೆರಡು ಆಗಲೇ ಮಲಗಿದ್ದವು. ಎರಡೂ ಸಭೆಯಲ್ಲೇ ಸತ್ತವು. ಒಂದಂತೂ ಮುನ್ನುಡಿಯ ಮೊದಲ ವಾಕ್ಯ ದಾಟಿರಲಿಲ್ಲ.

ನೀಲಕ್ಕನಿಗೆ ಈ ತಿಂಗಳ ಕೊನೆಗೆ ನಿವೃತ್ತಿ. ಇನ್ನೊಂದು ಸಭೆಗೆ ಕಾಯುವಷ್ಟು ದಿನ ಉಳಿದಿರಲಿಲ್ಲ.

ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ, ಹತ್ತೊಂಬತ್ತನೆಯ ವಯಸ್ಸಿಗೆ ಅವರು ಈ ಕಚೇರಿಗೆ ಕಾಪಿ ಹೋಲ್ಡರ್ ಆಗಿ ಬಂದಿದ್ದರು. ಕರಡು ತಿದ್ದುವವರ ಎದುರು ಕೂತು ಮೂಲ ಬರಹವನ್ನು ದನಿ ಮಾಡಿ ಓದುವುದೇ ಕೆಲಸ. ಎದುರಿನವರು ಅಚ್ಚಾದ ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯುತ್ತಿದ್ದರು. ‘ಮುಖ್ಯಮಂತ್ರಿ ಕಾಮಾ ಸಚಿವರು ಕಾಮಾ ಶಾಸಕರು ಬಂದರು ಪೂರ್ಣವಿರಾಮ’ ಎಂದು ಓದಿ ಓದಿ ಮನೆಯಲ್ಲೂ ಒಮ್ಮೆ ‘ಊಟಕ್ಕೆ ಬರ್ರಿ ಪೂರ್ಣವಿರಾಮ’ ಎಂದು ಕರೆದು ಗಂಡನನ್ನು ನಗಿಸಿದ್ದುಂಟು. ಕಂಪ್ಯೂಟರ್ ಬಂದ ಮೇಲೆ ತಿದ್ದುವುದೆಲ್ಲ ತೆರೆಯ ಮೇಲೆ ಆಯಿತು. ಓದುವ ದನಿ ಯಾರಿಗೂ ಬೇಡವಾಯಿತು. ಹದಿನಾಲ್ಕು ವರ್ಷಗಳಿಂದ ನೀಲಕ್ಕ ಅಚ್ಚಿಗೆ ಹೋಗುವ ಮುನ್ನ ಪುಟ ನೋಡುವ ಕೆಲಸದಲ್ಲಿದ್ದರು. ನೋಡುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ಹೊಸದಾಗಿ ಸೇರಿದವರು ಅವರು ಜಪ ಮಾಡುತ್ತಿದ್ದಾರೆಂದು ತಿಳಿದು ದೂರದಿಂದಲೇ ಕೈ ಮುಗಿಯುತ್ತಿದ್ದರು.

ಹತ್ತೂವರೆಗೆ ಸಭೆ ಸೇರಿತು. ಸಂಪಾದಕರಾದ ಇನಾಮದಾರರು ಮೇಜಿನ ತಲೆಯ ಕಡೆ ಕೂತರು. ಕಲಬುರಗಿ ಆವೃತ್ತಿಯ ಮುಖ್ಯಸ್ಥ ಶರಣಪ್ಪ ಮಾಲಿಪಾಟೀಲರು ರಾತ್ರಿ ರೈಲಿನಲ್ಲಿ ಬಂದಿದ್ದರು. ಮಂಗಳೂರು ಆವೃತ್ತಿಯ ವಾಮನ ಶೆಣೈ ಅವರು ಬಸ್ಸಿನಲ್ಲಿ ಬಂದು, ಘಟ್ಟದ ತಿರುವುಗಳನ್ನು ಇನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು. ಪುಟ ಕಟ್ಟುವ ಫಕೀರೇಶ ಕಂಪ್ಯೂಟರ್ ಮುಂದೆ ಕೂತಿದ್ದ. ಒಪ್ಪಿದ ನಿಯಮವನ್ನು ಒಪ್ಪಿದಂತೆ ತುಂಬುವುದು ಅವನ ಪಾಲಿನ ಕೆಲಸ.

ಮೊದಲ ಪುಟದ ಮೊದಲ ಪದ: ‘ಬೆಳಗ್ಗೆಯೋ, ಬೆಳಿಗ್ಗೆಯೋ?’

“ಬೆಳಿಗ್ಗೆ,” ಎಂದರು ಶೆಣೈ. “ಅದರಲ್ಲಿ ಎಂತದು ಸಂಶಯ ಮಾರಾಯ್ರೆ?”

“ಬೆಳಗ್ಗೆ ರೀ!” ಶರಣಪ್ಪ ಮೇಜು ಗುದ್ದಿದರು. “ಬೆಳಗಿನಿಂದ ಬಂದದ್ದು ಬೆಳಗ್ಗೆ. ನಡುವ ಆ ಗುಡಿಸು ಎಲ್ಲಿಂದ ತಂದ್ರಿ? ಸಮುದ್ರದಾಗ ತೇಲಿ ಬಂತೇನು?”

“ಸಮುದ್ರದಲ್ಲಿ ಒಳ್ಳೆಯದೇ ತೇಲಿ ಬರೋದು. ನಿಮ್ಮ ಬಿಸಿಲಲ್ಲಿ ಇದ್ದ ಗುಡಿಸೂ ಒಣಗಿ ಉದುರಿದೆ.”

“ಹಂಗಾದ್ರ ಎರಡೂ ಬ್ಯಾಡ, ಮುಂಜಾನೆ ಅಂತ ಬರೀರಿ,” ಎಂದ ಫಕೀರೇಶ. ಇಬ್ಬರೂ ಒಟ್ಟಿಗೆ ಅವನತ್ತ ತಿರುಗಿದರು. ಅವನು ಕಂಪ್ಯೂಟರ್ ಹಿಂದೆ ತಲೆ ತಗ್ಗಿಸಿದ.

ಹನ್ನೆರಡು ಗಂಟೆಯಾದರೂ ಬೆಳಗ್ಗೆ ಮುಗಿಯಲಿಲ್ಲ. ಇನಾಮದಾರರು ಗಡಿಯಾರ ನೋಡಿದರು. ನಂತರ ಕಪಾಟು ನೋಡಿದರು. ಆ ಎರಡನೆಯ ನೋಟವನ್ನು ನೀಲಕ್ಕ ಕಂಡರು.

“ನಾಲ್ಕಕ್ಕ ಇವರ ಗಾಡಿ ಅದಾವು ನೀಲಕ್ಕ,” ಎಂದು ಅವರು ಮೆಲ್ಲಗೆ ಹೇಳಿದರು. “ಇದು ಬಗೆಹರಿಯೂ ಹಂಗ ಕಾಣವಲ್ದು. ಇಟ್ಟು ಬಿಡೂಣೇನು?”

ಮೂವತ್ತೆಂಟು ವರ್ಷಗಳಲ್ಲಿ ನೀಲಕ್ಕ ಸಭೆಯಲ್ಲಿ ಬಾಯಿ ಬಿಟ್ಟವರಲ್ಲ. ಈಗ ಎದ್ದು ನಿಂತರು. ಯಾಕೆ ಎದ್ದೆನೆಂದು ಅವರಿಗೇ ತಿಳಿಯಲಿಲ್ಲ. ಎದ್ದ ಮೇಲೆ ಏನಾದರೂ ಹೇಳಲೇಬೇಕಲ್ಲ.

“ಸರ್, ಇವರು ವಾದ ಮಾಡೂದು ಬ್ಯಾಡ್ರಿ. ಓದ್ಲಿ.”

“ಏನು ಓದೋದು?” ಎಂದರು ಶೆಣೈ.

“ಅವರ ಪೇಪರ್ ನೀವು, ನಿಮ್ಮ ಪೇಪರ್ ಅವರು. ದನಿ ಮಾಡಿ, ಎಲ್ಲೂ ನಿಲ್ಲದ. ನಾವು ಕಾಪಿ ಓದ್ತಿದ್ವಲ್ರಿ, ಹಂಗ. ಎಲ್ಲಿ ನಾಲಿಗಿ ಎಡವತೈತಿ ಅಲ್ಲಿ ಬರೆದವರು ಸೋತಂಗ. ಆ ರೂಪ ಕೈಪಿಡಿಯೊಳಗಿಂದ ಹೊರಗ.”

ಶರಣಪ್ಪ ತೋಳು ಮಡಚಿದರು. “ತರ್ರಿ ಮಂಗಳೂರು ಪೇಪರ್! ನನ್ನ ನಾಲಿಗಿ ಎಡವೂದು ಇವತ್ತಿನ ತನಕಾ ಯಾರೂ ನೋಡಿಲ್ಲ.”

ಅವರ ಕೈಗೆ ಸಿಕ್ಕದ್ದು ಕೃಷ್ಣಾ ಪ್ರವಾಹದ ಸುದ್ದಿ. ಶರಣಪ್ಪ ರೈಲಿನಂತೆ ಹೊರಟರು. “ಆಲಮಟ್ಟಿ ಜಲಾಶಯದಿಂದ ಗುರುವಾರ ಹನ್ನೆರಡು ಸಾವಿರದ ಐನೂರು ಕ್ಯುಸೆಕ್ ನೀರು ಬಿಡಲಾಗಿದ್ದು, ನದಿತೀರದ ಊರುಗಳು ಮುಳುಗಿವೆ…”

“ನಿಲ್ರಿ ನಿಲ್ರಿ,” ಎಂದ ಫಕೀರೇಶ. “ಅಷ್ಟು ನೀರಿಗೆ ಊರು ಹೆಂಗ ಮುಳುಗ್ತಾವ್ರಿ? ಎಮ್ಮಿ ಮೈ ತೊಳಿಯೂದಕ್ಕೂ ಸಾಲೂದಿಲ್ಲ.”

ಎಲ್ಲರೂ ಬಗ್ಗಿ ನೋಡಿದರು. ಅಲ್ಲಿ 125000 ಎಂದು ಒಂದೂ ಅಲ್ಪವಿರಾಮವಿಲ್ಲದೆ ಅಚ್ಚಾಗಿತ್ತು. ಒಂದು ಲಕ್ಷ ಇಪ್ಪತ್ತೈದು ಸಾವಿರ.

“ಒಂದು ಉಸಿರಿಗೆ ನದಿ ಒಣಗಿಸಿಬಿಟ್ರಲ್ಲ ಶರಣಪ್ಪನವರೇ!” ಇನಾಮದಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನಾ ಒಣಗಿಸಿಲ್ಲ. ಇವರು ಕಾಮಾ ಹಾಕಿಲ್ಲ!”

ಶೆಣೈ ಒಪ್ಪಿದರು. ಒಪ್ಪದೆ ಗತಿ ಇರಲಿಲ್ಲ. ನೀಲಕ್ಕ ಬರೆದಿದ್ದ ನಿಯಮ ಹಾಗೆಯೇ ಒಳಗೆ ಹೋಯಿತು: ಲಕ್ಷಕ್ಕೆ, ಕೋಟಿಗೆ ಪದವನ್ನೇ ಬಳಸಬೇಕು, ‘1.25 ಲಕ್ಷ ಕ್ಯುಸೆಕ್’. ಪೂರ್ತಿ ಅಂಕಿಯೇ ಬೇಕಾದಾಗ 1,25,340 ಎಂದು ನಮ್ಮ ಲೆಕ್ಕದ ಅಲ್ಪವಿರಾಮ ಇರಲೇಬೇಕು.

ಈಗ ಶೆಣೈ ಸರದಿ. ಕಲಬುರಗಿಯ ಪುಟದಲ್ಲಿ ರಸ್ತೆ ಕಾಮಗಾರಿಯ ಸುದ್ದಿ. “ಪಾಲಿಕೆಯು ಬ್ಯಾಂಕ್‌ನಿಂದ… ಬ್ಯಾಂಕ್… ನಿಂದ… ಎಂತ ಇದು, ಬಾಯಿಯೊಳಗೆ ಸ್ಪೀಡ್ ಬ್ರೇಕರ್ ಹಾಕಿದ ಹಾಗೆ ಉಂಟು!”

“ಬ್ಯಾಂಕಿನಿಂದ ಅಂದ್ರ ಜಾರತೈತಲ್ರಿ,” ಎಂದರು ನೀಲಕ್ಕ. ಬಸ್ಸಿನಲ್ಲಿ, ಬ್ಯಾಂಕಿಗೆ, ಕಾಲೇಜಿನಿಂದ: ಊರೊಳಗೆ ಬಂದು ನೆಲೆಸಿದ ಪದಕ್ಕೆ ಊರಿನ ವಿಭಕ್ತಿ. ಫೇಸ್‌ಬುಕ್‌ನಂಥ ಹೆಸರಿಗೆ ಮಾತ್ರ ಅದರ ಅಂಗಿ ಅದಕ್ಕಿರಲಿ. ‘ಪೊಲೀಸ್’ ಎಂಬುದನ್ನು ಒಬ್ಬರು ಪೋಲಿಸ್, ಇನ್ನೊಬ್ಬರು ಪೋಲೀಸ್ ಎಂದು ಬರೆದಿದ್ದರು. ದನಿ ಮಾಡಿ ಓದಿದಾಗ ಇಬ್ಬರ ಬಾಯಲ್ಲೂ ಬಂದದ್ದು ಪೊಲೀಸ್. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ, ಕದ್ದು ಸಿಕ್ಕಿಬಿದ್ದವರಂತೆ ನಕ್ಕರು.

ಆಮೇಲೆ ತಡೆಯುವವರೇ ಇಲ್ಲದಾಯಿತು. ಊಟಕ್ಕೆ ಏಳಲು ಯಾರಿಗೂ ಮನಸ್ಸಿಲ್ಲದೆ ಮಂಡಕ್ಕಿಯ ಗಿರಮಿಟ್ಟು, ಮಿರ್ಚಿ ಭಜಿ ಮೇಜಿಗೇ ಬಂದವು. ಮಿರ್ಚಿ ಬಾಯಲ್ಲಿಟ್ಟು ಓದಿದ್ದು ಲೆಕ್ಕಕ್ಕಿಲ್ಲ ಎಂದು ಶೆಣೈ ಆಕ್ಷೇಪ ಎತ್ತಿದರು. ಅದೂ ಅಂಗೀಕಾರವಾಯಿತು. ಬಾಗಿಲಲ್ಲಿ ಕ್ರೀಡಾ ವಿಭಾಗದವರು ಬಂದು ನಿಂತರು, ಅವರ ಹಿಂದೆ ಜಾಹೀರಾತಿನವರು.

ಇನಾಮದಾರರಿಗೆ ಒಂದು ಆಸೆಯಿತ್ತು. ಪತ್ರಿಕೆಯ ತುಂಬ ಕನ್ನಡ ಅಂಕಿಗಳೇ ಇರಬೇಕೆಂದು. “ನಾನೇ ಓದ್ತೀನಿ,” ಎಂದು ಅವರು ತಮಗಾಗಿಯೇ ಸಿದ್ಧಮಾಡಿಸಿದ್ದ ರೈಲು ವೇಳಾಪಟ್ಟಿ ಎತ್ತಿಕೊಂಡರು. ‘೬.೧೯’ ಎಂದಿದ್ದನ್ನು ಗತ್ತಿನಿಂದ ಒಂಬತ್ತು ಹತ್ತೊಂಬತ್ತು ಎಂದು ಓದಿದರು.

“ಸರ್, ಗಾಡಿ ಹೋಗಿ ಮೂರು ತಾಸಾತು!” ಎಂದು ಕ್ರೀಡಾ ವಿಭಾಗದಿಂದ ಒಂದು ದನಿ ಬಂತು.

ಸಂಪಾದಕರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಆರು ಆರಾಗಿಯೇ ಉಳಿಯಿತು. “ಆತು,” ಎಂದರು. “ಪೇಪರಿನ ಹೆಸರಿನ ಕೆಳಗ ದಿನಾಂಕಕ್ಕ ಕನ್ನಡ ಅಂಕಿ ಇರ್ಲಿ. ಅದನ್ನಾರ ನನಗ ಬಿಡ್ರಿ.” ಬಿಟ್ಟರು.

ಮೂರೂಕಾಲಿಗೆ ಉಳಿದದ್ದು ಒಂದೇ ನಿಯಮ. ಅದು ನೀಲಕ್ಕನ ಪ್ರಾಣ. ಮನುಷ್ಯರನ್ನು ಅಂಕಿಯಲ್ಲಿ ಎಣಿಸಬಾರದು, ಇಪ್ಪತ್ತರವರೆಗೂ ಅಕ್ಷರದಲ್ಲೇ ಬರೆಯಬೇಕು, ಅದೂ ‘ವರು’ ಹಚ್ಚಿ. ಮೂವರು, ನಾಲ್ವರು, ಐವರು, ಹೀಗೇ ಮೇಲಕ್ಕೆ. ಈ ಒಂದು ಪುಟಕ್ಕೆ ಅವರು ಆರು ವಾರ ಕೊಟ್ಟಿದ್ದರು.

“ಇದನ್ನು ಯಾರು ಓದೋದು?” ಎಂದು ಶೆಣೈ ಕೇಳಿದರು.

“ನೀಲಕ್ಕನ ಓದ್ಲಿ,” ಎಂದ ಫಕೀರೇಶ. “ಎಲ್ಲಾರ ನಾಲಿಗಿ ನೋಡಿದ್ವಿ, ಅವರದೊಂದ ಉಳೀತು.”

ಹದಿನಾಲ್ಕು ವರ್ಷಗಳ ನಂತರ ಅವರ ಕೈಗೆ ಓದಲು ಹಾಳೆ ಬಂದಿತ್ತು. ಮೊದಲ ಪದ ಹೊರಬಿದ್ದದ್ದೇ ತಡ, ಹಳೆಯ ದನಿ ತಾನಾಗಿಯೇ ಓಡತೊಡಗಿತು. ಕಾಮಾ, ಪೂರ್ಣವಿರಾಮ, ಹೊಸ ಪ್ಯಾರಾ. ಬಾಗಿಲಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ನೀಲಕ್ಕನ ಎದೆ ಗಾಳಿಪಟದಂತೆ ಏರಿತು. ನಿಯಮದ ಕೆಳಗಿನ ಉದಾಹರಣೆಗೆ ಬಂದರು.

“ಅಪಘಾತದಲ್ಲಿ ಐವರು ಗಾಯಗೊಂಡಿದ್ದು ಕಾಮಾ ಬಸ್ಸಿನಲ್ಲಿದ್ದ ಹದಿನಾ… ಹದಿನಾರ್ವ… ಹದಿನಾರುವ…”

ಎಡವಿತು. ಮೂರು ಸಲ ಎಡವಿತು. ಶರಣಪ್ಪ ಮರ್ಯಾದೆಗೆ ಮಿರ್ಚಿಯ ತಟ್ಟೆ ನೋಡುತ್ತ ಕೂತರು. ನೀಲಕ್ಕ ಹಾಳೆಯನ್ನು ನೋಡಿದರು. ‘ಹದಿನಾರ್ವರು’ ಎಂಬ ಆ ಪದ ಅವರ ಕೈಬರಹದಲ್ಲೇ ಗಂಭೀರವಾಗಿ ಕೂತಿತ್ತು. ಜಗತ್ತಿನಲ್ಲಿ ಯಾವ ತಾಯಿಯೂ, ಯಾವ ಕಂಡಕ್ಟರೂ ಆ ಪದವನ್ನು ಇದುವರೆಗೆ ಬಾಯಿಬಿಟ್ಟು ಆಡಿರಲಿಕ್ಕಿಲ್ಲ. ಹೊಟ್ಟೆಯ ಬುಡದಿಂದ ನಗು ಎದ್ದಿತು. ತಡೆಯಲು ಸೆರಗು ಬಾಯಿಗಿಟ್ಟರು. ಸೆರಗಿಗೂ ತಡೆಯಲಾಗಲಿಲ್ಲ. ಕುರ್ಚಿ ಹಿಡಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಎಂಥಾ ಹುಚ್ಚಿ ಇದ್ದೀನ್ರೀ ನಾನು! ಇದಕ್ಕ ಆರು ವಾರ!”

ಕೆಂಪು ಪೆನ್ನು ತೆಗೆದು ತಾವೇ ಉದ್ದಕ್ಕೆ ಗೀಟು ಹೊಡೆದರು. ಐವರ ತನಕ ‘ವರು’, ಆರರಿಂದ ಒಂಬತ್ತರ ತನಕ ‘ಆರು ಮಂದಿ, ಏಳು ಮಂದಿ’, ಹತ್ತರಿಂದ ಮೇಲೆ ಅಂಕಿ.

ಆ ಗೀಟನ್ನು ಶರಣಪ್ಪ ಬಹಳ ಹೊತ್ತು ನೋಡಿದರು. “ತಮ್ಮ ಕೂಸಿಗೆ ತಾವೇ ಕತ್ತರಿ ಹಾಕ್ಯಾರ. ಇನ್ನ ನಾವು ಯಾವ ಮುಖದಾಗ ಜಗಳ ಮಾಡೂದು? ಕೊಡ್ರಿ ಪೆನ್ನು.”

“ತಾಳಿ ಮಾರಾಯ್ರೆ,” ಎಂದರು ಶೆಣೈ. “ಬೆಳಿಗ್ಗೆ ಎಂತಾಯ್ತು?”

ಎಲ್ಲರೂ ಹೌಹಾರಿದರು. ಎರಡನ್ನೂ ಇಬ್ಬರಿಂದಲೂ ಓದಿಸಿದರು. ಯಾರೂ ಎಡವಲಿಲ್ಲ. ಗಡಿಯಾರ ಮೂರೂ ನಲವತ್ತು. ಆಗ ನೀಲಕ್ಕ ತಮ್ಮ ಚೀಲದಿಂದ ಒಂದು ಚೀಟಿ ತೆಗೆದರು. ಕಳೆದ ವರ್ಷದ ಎಲ್ಲ ಸಂಚಿಕೆಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಎಣಿಸಿಟ್ಟಿದ್ದರು. ಬೆಳಿಗ್ಗೆ 1,140 ಸಲ. ಬೆಳಗ್ಗೆ 1,163 ಸಲ.

“ಇಪ್ಪತ್ಮೂರು ಮತದ ಅಂತರ!” ಎಂದು ಶರಣಪ್ಪ ಎದ್ದು ನಿಂತರು. “ಠೇವಣಿ ಉಳೀತು, ಸಮಾಧಾನ ಮಾಡ್ಕೊಳ್ರಿ ಶೆಣೈರೇ.”

“ಮರು ಎಣಿಕೆ ಕೇಳ್ತಿದ್ದೆ,” ಎಂದು ಶೆಣೈ ಪೆನ್ನು ಎಳೆದುಕೊಂಡರು, “ಬಸ್ಸು ತಪ್ತದೆ ಅಂತ ಬಿಟ್ಟೆ.” ಸಹಿ ಹಾಕಿದರು. ಶರಣಪ್ಪ ಹಾಕಿದರು. ಇನಾಮದಾರರು ಹಾಕಿ, ಕೆಳಗೆ ದಿನಾಂಕವನ್ನು ಕನ್ನಡ ಅಂಕಿಯಲ್ಲಿ ಬಲು ನಿಧಾನವಾಗಿ, ಆರು ಒಂಬತ್ತಾಗದಂತೆ ಬರೆದರು.

ಸಂಜೆ ನೀಲಕ್ಕ ಪುಟ ನೋಡಲು ಕೂತಾಗ ಸುತ್ತಲಿನ ಮೇಜುಗಳಿಂದ ಗುಜುಗುಜು ಕೇಳಿತು. ಜಿಲ್ಲಾ ವಿಭಾಗದವರು ಓದುತ್ತಿದ್ದರು, ಕ್ರೀಡೆಯವರು ಓದುತ್ತಿದ್ದರು. ಒಬ್ಬ ಹೊಸಬ ‘ಸಂತಾಪ ಸೂಚಿಸಿದ್ದಾರೆ ಪೂರ್ಣವಿರಾಮ’ ಎಂದು ಜೋರಾಗಿ ಕೂಗಿ ಬೈಸಿಕೊಂಡ.

“ನೀಲಕ್ಕ, ಕಪಾಟಿನ ಕೀಲಿ ಯಾರ ಕಡೆ ಐತ್ರಿ?” ಎಂದು ಫಕೀರೇಶ ಕೇಳಿದ.

“ಯಾಕೋ?”

“ಉಳಿದ ಮಿರ್ಚಿ ಇಡಾಕ.”

ನೀಲಕ್ಕ ಕೀಲಿ ಕೊಟ್ಟರು. ಆಮೇಲೆ ಮೊದಲ ಪುಟ ಎತ್ತಿಕೊಂಡು, ಬರೀ ತುಟಿ ಅಲ್ಲಾಡಿಸದೆ, ಇಡೀ ಕಚೇರಿಗೆ ಕೇಳುವಂತೆ ಓದತೊಡಗಿದರು.