ಹೆಬ್ಬೆರಳ ನೆರಳಿನಲ್ಲಿ ಒಂದು ಅಂಕ

ಮೇಡಂ ಕಳಿಸಿದ ಫೋಟೊದಲ್ಲಿ ಆ ಪೆನ್ಸಿಲ್ ಸಾಲು ಕಾಣುತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ಫೋನು ಕೆಟ್ಟುಹೋಯಿತು, ಅದರೊಳಗಿದ್ದದ್ದೆಲ್ಲ ಅದರ ಜೊತೆಗೇ ಹೋಯಿತು. ಕಂಡಿತ್ತು ಅಂತ ನೆನಪು ಹೇಳುತ್ತದೆ. ಆದರೆ ನನ್ನ ನೆನಪಿಗೆ ನಾನು ಸಾಕ್ಷಿ ನಿಲ್ಲಲಾರೆ.

ಪೀಣ್ಯದ ಕಾರ್ಖಾನೆಗಳ ಹಿಂದಿನ ಬೀದಿಯಲ್ಲಿರುವ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ವಿಜ್ಞಾನದ ಮೇಡಂ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತೆಗೆದವರು ಅವರೇ. ಪರೀಕ್ಷೆ ನಡೆಯುವ ಹೊತ್ತಿಗೆ ಅವರು ಆಸ್ಪತ್ರೆಯಲ್ಲಿದ್ದರು, ಉತ್ತರಸೂಚಿ ಬರೆಯುವುದು ನನ್ನ ಪಾಲಿಗೆ ಬಂತು.

ಸುತ್ತಲಿನ ಮೂರು ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಉತ್ತರಪತ್ರಿಕೆಯ ಕಟ್ಟುಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ನಮ್ಮ ಮಕ್ಕಳ ಪತ್ರಿಕೆಯನ್ನು ಪಕ್ಕದ ಶಾಲೆಯವರು ತಿದ್ದುತ್ತಾರೆ, ಪಕ್ಷಪಾತ ಬೇಡ ಅಂತ. ಹಾಗಾಗಿ ಉತ್ತರಸೂಚಿ ಬರೆದವರಿಗಷ್ಟೇ ಅರ್ಥವಾದರೆ ಸಾಲದು. ಯಾವ ಅಂಶಕ್ಕೆ ಎಷ್ಟು ಅಂಕ, ಅದರ ಬದಲಿಗೆ ಬೇರೇನು ಬರೆದರೂ ಒಪ್ಪಬಹುದು, ಎಲ್ಲವೂ ಅದರಲ್ಲಿರಬೇಕು.

ಮೇಡಂ ತಮ್ಮ ಹಳೆಯ ಪ್ರಶ್ನಕೋಶದ ಎರಡು ಪುಟಗಳ ಫೋಟೊ ಕಳಿಸಿ, ಆಸ್ಪತ್ರೆಯಿಂದಲೇ ಫೋನ್ ಮಾಡಿದರು.

"ಪ್ರಿಂಟ್ ಆಗಿರೋದು ಉತ್ತರ. ಪಕ್ಕದಲ್ಲಿ ನಾನ್ ಬರ್ದಿರೋದೂ ಉತ್ತರಾನೇ ಕಣೋ. ಎರಡೂ ಹಾಕು. ಆಮೇಲೆ ಆ ಹುಡುಗಿ ಪೇಪರ್ ಏನಾಯ್ತು ಅಂತ ನಂಗೆ ಹೇಳ್ಬೇಕು."

ಆ ಹುಡುಗಿ ಅಂದರೆ ಯಾರು ಅಂತ ಕೇಳಬೇಕಾಗಿರಲಿಲ್ಲ. ಅವಳ ಅಪ್ಪ ಕಟ್ಟಡಗಳಲ್ಲಿ ವೈರಿಂಗ್ ಕೆಲಸದವನು, ಅಮ್ಮ ಗಾರ್ಮೆಂಟ್ಸಿನಲ್ಲಿ ಪ್ಯಾಕಿಂಗ್. ರಾಯಚೂರಿನ ಕಡೆಯವರು. ದಸರಾ ರಜೆ ಮುಗಿದ ಮೇಲೆ ಅವಳ ಅಮ್ಮ ಬಂದು, ಇನ್ನು ಮಗಳನ್ನು ಕಳಿಸುವುದಿಲ್ಲ ಎಂದಿದ್ದರು. ಮೇಡಂ ಜಗಳವಾಡಿ ಒಂದು ಒಪ್ಪಂದಕ್ಕೆ ತಂದಿದ್ದರು. "ಈ ಪರೀಕ್ಷಿ ಪಾಸಾದ್ರ ಮುಂದ ಓದ್ಲಿ ರೀ. ಇಲ್ಲಂದ್ರ ನನ್ನ ಜೋಡಿ ಪ್ಯಾಕಿಂಗಿಗೆ ಬರ್ತಾಳ" ಎಂದು ಆಯಮ್ಮ ಹೇಳುವಾಗ ನಾನೂ ಅಲ್ಲೇ ಇದ್ದೆ. ಬೇರೆ ವಿಷಯಗಳಲ್ಲಿ ಅವಳಿಗೆ ತೊಂದರೆ ಇರಲಿಲ್ಲ. ವಿಜ್ಞಾನವೇ ಕಷ್ಟ.

ಸ್ಟಾಫ್ ರೂಮಿನಲ್ಲಿ ಕೂತು ಕೆಲಸ ಶುರುಮಾಡಿದೆ. ಪುಟ ಓರೆಯಾಗಿತ್ತು. ಬೈಂಡಿಂಗಿನ ಕಡೆ ಸಾಲುಗಳು ಬಾಗಿ, ಕೊನೆಯ ಅಕ್ಷರಗಳು ಮಡಿಕೆಯೊಳಗೆ ಇಳಿದುಹೋಗಿದ್ದವು. ಪುಸ್ತಕ ಒತ್ತಿಹಿಡಿದ ಅವರ ಹೆಬ್ಬೆರಳೂ ಫೋಟೊದಲ್ಲಿ ಬಂದಿತ್ತು. ಅಂಚಿನ ಅರ್ಧಭಾಗ ಅದರ ನೆರಳಿನಲ್ಲಿತ್ತು. ಫೋಟೊದಿಂದ ಅಕ್ಷರ ತೆಗೆಯುವ ಆ್ಯಪ್ ಅಚ್ಚಿನ ಸಾಲುಗಳನ್ನು ಸುಮಾರಾಗಿ ಓದಿತು, ಅರ್ಧ ಅಂಕವನ್ನೆಲ್ಲ ಒಂದು ಮಾಡಿತು, ಪೆನ್ಸಿಲ್ ಬರಹವನ್ನು ಮುಟ್ಟಲೇ ಇಲ್ಲ. ಎರಡಂಕದ ಲೆಕ್ಕವೊಂದು ಮೂರಂಕ ಆದಾಗ ನನಗೆ ಗೊತ್ತಾಯಿತು. ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ, ಏಕಮಾನದ ಸಮೇತ ಉತ್ತರಕ್ಕೆ ಒಂದು ಎಂದು ಸರಿಮಾಡಿದೆ. ಪ್ರತಿ ಪ್ರಶ್ನೆಯ ಬಿಡಿ ಅಂಕ ಕೂಡಿಸಿ, ಪ್ರಶ್ನೆಪತ್ರಿಕೆಯ ಅಂಕದ ಜೊತೆ ತಾಳೆ ನೋಡಿದೆ. ಎಂಬತ್ತಕ್ಕೆ ಎಂಬತ್ತು ಬಂತು.

ಕೊನೆಗೆ 'ಇದನ್ನೂ ಒಪ್ಪಬಹುದು' ಎಂಬ ಕಾಲಂ. ಓದಲು ಬಂದ ಪೆನ್ಸಿಲ್ ಬರಹವನ್ನೆಲ್ಲ ಅಲ್ಲಿ ಸೇರಿಸಿದೆ. ಹೆಡ್‌ಮಾಸ್ಟರು ಬಂದು ಬಗ್ಗಿ ನೋಡಿದರು.

"ಏನ್ ಸಾರ್, ಪಿಎಚ್‌ಡಿ ಬರೀತಿದ್ದೀರಾ? ತಿದ್ದೋರು ಹೊಸಬ್ರು. ನಾಲ್ಕು ಪುಟ ಕೊಟ್ರೆ ತಲೆ ಕೆಟ್ಟೋಗುತ್ತೆ ಅವರ್ಗೆ. ಎರಡು ಪುಟಕ್ಕೆ ಇಳಿಸಿ."

ಇಳಿಸಿದೆ. ಎಲ್ಲಾ ಮಾರ್ಕಿಂಗ್ ಸ್ಕೀಮಿನ ಕೊನೆಗೂ ಇರುವ 'ಸರಿಯಾದ ಬೇರೆ ಯಾವುದೇ ಉತ್ತರಕ್ಕೂ ಅಂಕ ಕೊಡಿ' ಎಂಬ ಸಾಲೂ ಹೋಯಿತು. ಅದನ್ನು ಅಳಿಸಿದ್ದು ಮಾತ್ರ ನನಗೆ ಖಚಿತವಾಗಿ ನೆನಪಿದೆ. ಆ ಸಾಲು ಸಡಿಲು, ಶಿಸ್ತಿಲ್ಲದ್ದು ಅನಿಸಿತ್ತು.

ಮನೆಯ ವಿದ್ಯುತ್ ಉಪಕರಣಗಳನ್ನು ಸಮಾಂತರವಾಗಿ ಏಕೆ ಜೋಡಿಸುತ್ತಾರೆ, ಎರಡು ಕಾರಣ ಕೊಡಿ ಎಂಬುದು ಒಂದು ಪ್ರಶ್ನೆ. ಅಚ್ಚಿನ ಉತ್ತರ: ಎಲ್ಲಕ್ಕೂ ಒಂದೇ ವಿಭವಾಂತರ (ವೋಲ್ಟೇಜ್) ಸಿಗುತ್ತದೆ, ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ಅದರ ಪಕ್ಕದಲ್ಲೇ ಇದ್ದದ್ದು ಹೆಬ್ಬೆರಳ ನೆರಳು. ಬದಲಿ ಕಾಲಂನಲ್ಲಿ ನಾನು ಒಂದು ಅಡ್ಡಗೆರೆ ಎಳೆದೆ.

ಪತ್ರಿಕೆಗಳು ತಿದ್ದಿ ಬಂದವು. ಅವಳಿಗೆ ಇಪ್ಪತ್ತೇಳು. ಪಾಸಿಗೆ ಇಪ್ಪತ್ತೆಂಟು ಬೇಕಿತ್ತು. ಪತ್ರಿಕೆಯನ್ನು ಮಕ್ಕಳ ಕೈಗೆ ಕೊಟ್ಟು ವಾಪಸ್ ತಗೊಂಡೆವು. ಅವಳು ತನ್ನ ಅಂಕ ನೋಡಿಕೊಂಡು ಮನೆಗೆ ಹೋದಳು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾನು ಆಸ್ಪತ್ರೆಗೆ ಹೋದಾಗ ಮೇಡಂ ಮೊದಲು ಕೇಳಿದ್ದೇ ಅದು.

"ಪಾಸಾದ್ಲೇನೋ?"

"ಇನ್ನೂ ಬಂಡಲ್ ಬಂದಿಲ್ಲ ಮೇಡಂ" ಎಂದು ಸುಳ್ಳು ಹೇಳಿದೆ.

"ಪಾಸಾಗಿರ್ತಾಳೆ ಬಿಡು. ಕರೆಂಟಿನ ಪಾಠ ಅವಳಪ್ಪ ಗೋಡೆ ಮೇಲೆ ಕೈಯಿಟ್ಟು ತೋರಿಸಿದಾನಂತೆ. ನಿನ್ ಯೂನಿವರ್ಸಿಟಿಲಿ ಅಷ್ಟ್ ಚೆನ್ನಾಗ್ ಹೇಳಿರಲ್ಲ."

ನಕ್ಕರು, ಕೆಮ್ಮು ಬಂತು. ಅದೇ ವಾರ ತೀರಿಕೊಂಡರು.

ಹತ್ತು ದಿನದ ಮೇಲೆ ಅವರ ಯಜಮಾನರು ಶಾಲೆಗೆ ಸೇರಿದ ಪುಸ್ತಕಗಳನ್ನು ಚೀಲದಲ್ಲಿ ತಂದುಕೊಟ್ಟರು. ಆ ಪ್ರಶ್ನಕೋಶವೂ ಇತ್ತು. ಪುಟ ತೆರೆದೆ. ಹೆಬ್ಬೆರಳು ಇದ್ದ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ: 'ಪ್ರತಿಯೊಂದಕ್ಕೂ ಬೇರೆ ಸ್ವಿಚ್ ಹಾಕಬಹುದು ಅಂತ ಬರೆದರೂ ಒಂದು ಅಂಕ.'

ಕಟ್ಟು ಬಿಚ್ಚಿ ಅವಳ ಪತ್ರಿಕೆ ಹುಡುಕಿದೆ. ಮೊದಲ ಕಾರಣ, ಒಂದೇ ವೋಲ್ಟೇಜ್, ಅಂಕ ಒಂದು. ಎರಡನೆಯದು: 'ಒಂದೊಂದು ಬಲ್ಬಿಗೂ ಬೇರೆ ಬೇರೆ ಸ್ವಿಚ್ ಇಡಬಹುದು, ಬೇಕಾದ್ದನ್ನು ಮಾತ್ರ ಹಾಕಿಕೊಳ್ಳಬಹುದು.' ಅದರ ಮೇಲೆ ಕೆಂಪು ಗೆರೆ, ಸೊನ್ನೆ. ತಿದ್ದಿದವರ ತಪ್ಪಲ್ಲ. ನನ್ನ ಹಾಳೆಯಲ್ಲಿ ಇದ್ದಂತೆ ತಿದ್ದಿದ್ದರು.

ಆ ಪುಟ ನೋಡಿದ ಕ್ಷಣದಿಂದಲೇ ನನ್ನ ನೆನಪು ಕೆಟ್ಟಿದ್ದು. ಈಗ ಕಣ್ಣು ಮುಚ್ಚಿದರೆ ಫೋಟೊವನ್ನು ಎರಡು ಬೆರಳಿನಿಂದ ದೊಡ್ಡದು ಮಾಡುತ್ತಿದ್ದೇನೆ, ನೆರಳಿನೊಳಗೆ 'ಸ್ವಿಚ್' ಎಂಬ ಪದ ಮಸುಕಾಗಿ ಕಾಣುತ್ತಿದೆ, ಎರಡು ಪುಟಕ್ಕೆ ಇಳಿಸಬೇಕಲ್ಲ ಅಂತ ಬಿಟ್ಟು ಮುಂದೆ ಹೋಗುತ್ತಿದ್ದೇನೆ. ಇದು ಆಗಿದ್ದೋ, ಪುಸ್ತಕ ನೋಡಿದ ಮೇಲೆ ನಾನು ಕಟ್ಟಿಕೊಂಡಿದ್ದೋ? ಅವತ್ತೇ ಫೋಟೊವನ್ನು ಇನ್ನೊಮ್ಮೆ ತೆಗೆದು ನೋಡಬಹುದಿತ್ತು. ಫೋನು ಆಗಿನ್ನೂ ಸರಿ ಇತ್ತು. ನಾನು ನೋಡಲಿಲ್ಲ.

ಹೆಡ್‌ಮಾಸ್ಟರು ಪುಸ್ತಕ, ಪತ್ರಿಕೆ ಎರಡನ್ನೂ ನೋಡಿ ಅಂಕ ತಿದ್ದಿ ಸಹಿ ಹಾಕಿದರು. ಸಂಜೆ ಪತ್ರಿಕೆ ಹಿಡಿದು ಹುಡುಗಿಯ ಮನೆಗೆ ಹೋದೆ. ಸಾಲು ರೂಮುಗಳ ಕೊನೆಯದು. ಹುಡುಗಿ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಳು.

"ಒಂದ್ ಮಾರ್ಕ್ ಹೇಳಾಕ ಬಂದ್ರೀ ಸರ?" ಅಂದರು ಅವಳ ಅಮ್ಮ. ಕೋಪ ಇರಲಿಲ್ಲ. "ಮದ್ಲ ಹೇಳಿದ್ರ ಮಾತು ಬ್ಯಾರೆ ಇತ್ತು. ಈಗ ಫ್ಯಾಕ್ಟರಿ ಕಾರ್ಡ್ ಮಾಡಿಸ್ಯಾರ, ಕೆಲಸಕ್ಕ ಹೊಂಟಾಳ. ಅವರಪ್ಪಗ ಕೇಳ್ತೀನಿ, ನೋಡೋಣ್ರಿ."

ಹುಡುಗಿ ಕೈ ಒರೆಸಿಕೊಂಡು ಪತ್ರಿಕೆ ತಗೊಂಡಳು. ಸ್ವಿಚ್ಚಿನ ಸಾಲಿನ ಮುಂದೆ ಹಸಿರು ಇಂಕಿನಲ್ಲಿ ಬರೆದಿದ್ದ ಒಂದನ್ನು ನೋಡಿದಳು.

"ಮೇಡಂ ಕೊಡ್ಸಿದ್ದಾ ಸಾರ್?"

"ಹೂಂ. ಮೇಡಮ್ಮೇ."

"ನಾನ್ ಪಾಸಾಗಿದ್ದು ಅವರ್ಗೆ ಗೊತ್ತಾಯ್ತಾ?"

ಅವಳಿಗೆ ಸುದ್ದಿ ತಲುಪಿರಲಿಲ್ಲ. ನಾನು ಏನು ಉತ್ತರ ಕೊಟ್ಟೆ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ನಿಜ ಹೇಳಿದೆ ಅಂತ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಅವಳು ಪತ್ರಿಕೆಯನ್ನು ಮಡಿಸಿ, ನಕ್ಕು, ಒಳಗೆ ಇಡಲು ಹೋದದ್ದು ಸ್ಪಷ್ಟವಾಗಿ ಕಾಣುತ್ತದೆ. ನಿಜ ಹೇಳಿದ್ದರೆ ಅವಳು ನಗುತ್ತಿರಲಿಲ್ಲ.

ಮಾರ್ಚಿನಲ್ಲಿ ಅವಳ ಹಾಲ್ ಟಿಕೆಟ್ ಹೆಡ್‌ಮಾಸ್ಟರ ಮೇಜಿನಲ್ಲೇ ಉಳಿಯಿತು.