ಗೊಣ್ಣೆಹುಳದ ಲೇಖನಕ್ಕೆ ಚಿಕ್ಕಮ್ಮ ತಿದ್ದಿದ ತಲೆಬರಹ

ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳವನ್ನು ಗುರುತಿಸುವ ಬಗೆಯನ್ನು ನನ್ನ ಬ್ಲಾಗಿನಲ್ಲಿ ಬರೆದು, ‘ಮಣ್ಣಿನೊಳಗಿನ ಶತ್ರು’ ಎಂದು ಹೆಮ್ಮೆಯಿಂದ ತಲೆಬರಹ ಕೊಟ್ಟಿದ್ದೆ. ದುದ್ದ ಎಂಬ ಹಳ್ಳಿಯಲ್ಲಿ ಕಬ್ಬು ಬೆಳೆಯುವ ಚಿಕ್ಕಮ್ಮ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಕೊನೆಗೆ ನಾನೇ ಲಿಂಕ್ ಕಳಿಸಿದೆ. ಓದಿದವಳೇ ಫೋನ್ ಮಾಡಿದಳು.

“ಮೇಲ್ಗಡೆ ಉಳದ ಎಸ್ರೇ ಆಕಿಲ್ವಲ್ಲೋ, ಎಂಗ್ಲಾ ಸಿಕ್ಕಾದು?”

“ಸರಿ ಚಿಕ್ಕಮ್ಮ, ‘ಕಬ್ಬಿನ ಗೊಣ್ಣೆಹುಳು: ಗುರುತು ಮತ್ತು ಹತೋಟಿ’ ಅಂತ ಮಾಡ್ತೀನಿ.”

“ಅದ್ನ ಸಾಯ್ಸದು ಎಂಗೇಂತ ನೀನೆಲ್ಲಿ ಬರ್ದಿದ್ದೀಯಾ? ಔಸ್ದಿ ಉಡಿಕ್ಕಂಡು ಬಂದೋರು ಬೈಕತಾರೆ ಕಣ್ಲಾ.”

ನಿಜ, ಬರೆದಿರಲಿಲ್ಲ. ‘ಕಬ್ಬಿನಲ್ಲಿ ಗೊಣ್ಣೆಹುಳು: ಗುರುತಿಸುವುದು ಹೇಗೆ?’ ಎಂದಷ್ಟೇ ಇಟ್ಟೆ.

ಕೆಲವು ವಾರಗಳ ನಂತರ ಅವಳೇ ಮತ್ತೆ ಹುಡುಕಿ ನೋಡಿದಳಂತೆ. “ಈಗ ನಿಂದೇ ಮೊದ್ಲು ಬತ್ತದೆ ಕಣ್ಲಾ!” ಎಂದಳು. ಆ ದನಿಯಲ್ಲಿದ್ದ ಹಿಗ್ಗು ನನ್ನದಕ್ಕಿಂತ ದೊಡ್ಡದಾಗಿತ್ತು.